ಫಾಸ್ಫೇಟ್ ನೋಡುವ ಕೈ ಕಲರಿಮೀಟರ್: ಸುರಂಗದ ನೀರಿಗೆ ಬಳಸುವವರು ಮೊದಲು ಇದನ್ನು ಓದಿ

ಕಾಸರಗೋಡಿನ ಪೆರ್ಲ ಕಡೆಯ ಶಾಲೆಯೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಊರಿನ ಬಾವಿ, ಮದಕ, ಸುರಂಗಗಳ ನೀರನ್ನು ಮಕ್ಕಳ ಜೊತೆ ಪರೀಕ್ಷೆ ಮಾಡಲು ಈ ಕಿಟ್ ತಂದು ಕೆಲವು ವರ್ಷವಾಯಿತು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ರೀತಿಯ ಕಿಟ್ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ನಾನು ಹೇಳುವುದು ಹೆಚ್ಚುಕಮ್ಮಿ ಎಲ್ಲಕ್ಕೂ ಸೇರುತ್ತದೆ.

ಪೆಟ್ಟಿಗೆಯೊಳಗೆ ಅಂಗೈ ಅಗಲದ ಮೀಟರ್ ಇದೆ, ಗಾಜಿನ ಟ್ಯೂಬುಗಳಿವೆ. ಒಂದು ಬಾಟ್ಲಿಯಲ್ಲಿ ಸಲ್ಫ್ಯೂರಿಕ್ ಆಸಿಡ್, ಅಮೋನಿಯಂ ಮಾಲಿಬ್ಡೇಟ್ ಮತ್ತು ಸ್ವಲ್ಪ ಆಂಟಿಮನಿ ಲವಣ ಸೇರಿಸಿದ ದ್ರಾವಣ. ಇನ್ನು ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಆಸ್ಕೋರ್ಬಿಕ್ ಆಸಿಡ್ ಪುಡಿ, ಅಂದರೆ ವಿಟಮಿನ್ ಸಿ. 10 ಮಿಲಿ ನೀರಿಗೆ ದ್ರಾವಣ ಹಾಕಬೇಕು, ಪುಡಿ ಹಾಕಬೇಕು, ಕಾಯಬೇಕು. ಫಾಸ್ಫೇಟ್ ಇದ್ದರೆ ನೀಲಿ ಬಣ್ಣ ಬರುತ್ತದೆ, ಮೀಟರ್ ಅದನ್ನು ಅಂಕಿಯಾಗಿ ತೋರಿಸುತ್ತದೆ. 1962ರಲ್ಲಿ ಮರ್ಫಿ ಮತ್ತು ರೈಲಿ ಎಂಬ ಇಬ್ಬರು ಸಮುದ್ರದ ನೀರಿಗಾಗಿ ಬರೆದಿಟ್ಟ ವಿಧಾನದ ಸಂಬಂಧಿಕ ಇದು. ಒಂದು ವ್ಯತ್ಯಾಸ ಇದೆ. ಅವರು ಎಲ್ಲವನ್ನೂ ಮೊದಲೇ ಬೆರೆಸಿ ಒಂದೇ ದ್ರಾವಣ ಮಾಡಿಕೊಂಡು ಒಟ್ಟಿಗೆ ಹಾಕುತ್ತಿದ್ದರು. ಕಿಟ್‌ನಲ್ಲಿ ಅದು ಎರಡು ಹಂತವಾಗಿದೆ. ಬೆರೆಸಿಟ್ಟ ದ್ರಾವಣ ಕೆಲವೇ ಗಂಟೆಯಲ್ಲಿ ಕೆಡುತ್ತದೆ, ಹಾಗಾಗಿ ಕಿಟ್ ಮಾಡುವವರು ಬೇರೆ ಬೇರೆ ಇಡುವುದು ಸರಿಯೇ. ಆದರೆ ತೊಂದರೆ ಹುಟ್ಟುವುದೂ ಈ ಎರಡು ಹಂತದ ನಡುವಿನ ಸಂದಿನಲ್ಲೇ.

ಮೀಟರ್ ಬಗ್ಗೆ ನನಗೆ ದೂರಿಲ್ಲ. ಬ್ಯಾಟರಿ ಬಾಳುತ್ತದೆ, ಸೊನ್ನೆ ಮಾಡುವುದು ಸುಲಭ, ನಾವೇ ತಯಾರಿಸಿದ ಲೀಟರಿಗೆ 0.30 ಮಿಲಿಗ್ರಾಂ ಫಾಸ್ಫೇಟ್ ದ್ರಾವಣಕ್ಕೆ ವರ್ಷ ಕಳೆದರೂ 0.29, 0.30, 0.31 ಎಂದೇ ತೋರಿಸುತ್ತದೆ. ನನ್ನ ತಕರಾರು ಕಿಟ್ ಜೊತೆ ಬರುವ ಚೀಟಿಯ ಮೇಲೆ. ಅದರಲ್ಲಿ ಸಿಲಿಕೇಟ್ ಎಂಬ ಪದವೇ ಇಲ್ಲ. ದ್ರಾವಣ ಹಾಕಿದ ಮೇಲೆ ಎಷ್ಟು ಹೊತ್ತಿನೊಳಗೆ ಪುಡಿ ಹಾಕಬೇಕು ಎಂದೂ ಇಲ್ಲ. ನಮ್ಮ ಊರಿನ ನೀರಿಗೆ ಇವೆರಡೂ ಬೇಕೇ ಬೇಕು.

ಯಾಕೆ ಅಂದರೆ, ಸುರಂಗದ ನೀರು ಮುರಕಲ್ಲಿನ ಗುಡ್ಡದೊಳಗಿಂದ ಒಸರಿ ಬರುವ ನೀರು. ಕಲ್ಲು ಸವೆಯುವಾಗ ಸಿಲಿಕಾ ಕರಗಿ ನೀರಿಗೆ ಸೇರುತ್ತದೆ. ಅದೇ ಮುರಕಲ್ಲಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತವೆ, ಸುಲಭದಲ್ಲಿ ಬಿಡುವುದಿಲ್ಲ. ಹಾಗಾಗಿ ನೀರಿನಲ್ಲಿ ಸಿಲಿಕೇಟ್ ಜಾಸ್ತಿ, ಫಾಸ್ಫೇಟ್ ಕಡಿಮೆ. ಮಾಲಿಬ್ಡೇಟ್ ಈ ಎರಡರ ಜೊತೆಗೂ ಕೂಡುತ್ತದೆ, ಎರಡೂ ಕೊನೆಗೆ ನೀಲಿಯಾಗುತ್ತವೆ. ಕಣ್ಣಿಗಾಗಲಿ ಈ ಮೀಟರಿನ ಕೆಂಪು ಬೆಳಕಿಗಾಗಲಿ ಯಾವ ನೀಲಿ ಯಾರದ್ದು ಎಂದು ಗೊತ್ತಾಗುವುದಿಲ್ಲ.

ಎರಡನ್ನೂ ಬೇರೆ ಮಾಡುವುದು ವೇಗ. ಗಟ್ಟಿ ಆಸಿಡ್ ಇರುವಾಗ ಫಾಸ್ಫೇಟ್ ಮಾಲಿಬ್ಡೇಟ್ ಜೊತೆ ಕ್ಷಣದಲ್ಲಿ ಸೇರುತ್ತದೆ. ಸಿಲಿಕೇಟ್ ನಿಧಾನ. ಆಸಿಡ್ ತೆಳುವಾದರೆ, ನೀರು ಬಿಸಿಯಾದರೆ, ಹೊತ್ತು ಜಾಸ್ತಿ ಕೊಟ್ಟರೆ ಸಿಲಿಕೇಟಿಗೂ ದಾರಿ ಸಿಗುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಇದು ಸುಮ್ನೆ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ನಮ್ಮ ಒಬ್ಬ ವಿದ್ಯಾರ್ಥಿ ತನ್ನ ಮನೆಯ ಸುರಂಗದ ನೀರು ನೋಡಿದ. 0.31 ಬಂತು. ಸುರಂಗದ ನೀರಿಗೆ ಇದು ತುಂಬಾ ಜಾಸ್ತಿ. ಆ ಮನೆಯ ಮೇಲಿನ ಜಾಗದಲ್ಲಿ ಇನ್ನೊಬ್ಬರ ಹಟ್ಟಿ ಇದೆ, ಪಕ್ಕದಲ್ಲೇ ಗೊಬ್ಬರದ ಗುಂಡಿ. ಹುಡುಗನ ಅಪ್ಪ ಮರುದಿನವೇ ಶಾಲೆಗೆ ಬಂದರು. "ಮಾಷ್ಟ್ರೇ, ಹಟ್ಟಿಯ ನೀರು ಸುರಂಗಕ್ಕೆ ಇಳಿಯುತ್ತಾ ಉಂಟು ಅಲ್ವಾ? ಮೀಟರೇ ಹೇಳುತ್ತದಲ್ಲ" ಎಂದರು. ಎರಡು ಮನೆಯ ನಡುವೆ ಮಾತು ಬಿಡುವ ಹಾಗಿತ್ತು.

ಹೇಗೆ ಮಾಡಿದೆ ಎಂದು ಹುಡುಗನ ಹತ್ತಿರ ಕೇಳಿದೆ. ಒಂದು ಸಾಲು ಟ್ಯೂಬ್ ಇಟ್ಟು ಎಲ್ಲಕ್ಕೂ ಮೊದಲು ದ್ರಾವಣ ಹಾಕಿದ್ದ. ಆಮೇಲೆ ಒಂದೊಂದಕ್ಕೇ ಪುಡಿ ಹಾಕಿ, ಕಾದು, ಓದಿ, ಮುಂದಿನದಕ್ಕೆ ಹೋಗಿದ್ದ. ಸುರಂಗದ ನೀರು ಸಾಲಿನ ಕೊನೆಯಲ್ಲಿತ್ತು. ಚೀಟಿಯ ಪ್ರಕಾರ ಅವನು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ.

ಅದೇ ನೀರನ್ನು ಮತ್ತೆ ತರಿಸಿದೆ. ಮಧ್ಯಾಹ್ನ ಲ್ಯಾಬಿನ ಮೇಜಿನ ಮೇಲೆ ನೀರು 33 ಡಿಗ್ರಿ ಇತ್ತು. ದ್ರಾವಣ ಹಾಕಿದ ಕೂಡಲೇ ಪುಡಿ ಹಾಕಿ, ಗಡಿಯಾರ ನೋಡಿ ಓದುತ್ತಾ ಹೋದೆವು. 5 ನಿಮಿಷಕ್ಕೆ 0.06, 10ಕ್ಕೆ 0.08, 20ಕ್ಕೆ 0.13, 30ಕ್ಕೆ 0.18. ಪಕ್ಕದಲ್ಲೇ ಇಟ್ಟ 0.30ರ ಫಾಸ್ಫೇಟ್ ದ್ರಾವಣ 5 ನಿಮಿಷಕ್ಕೆ 0.28, 10ಕ್ಕೆ 0.30 ಆಯಿತು, 30ಕ್ಕೂ 0.30ರಲ್ಲೇ ನಿಂತಿತು. ನಿಜವಾದ ಫಾಸ್ಫೇಟಿನ ಬಣ್ಣ 10 ನಿಮಿಷದಲ್ಲಿ ಏರಿ ನಿಲ್ಲುತ್ತದೆ. ನಿಲ್ಲದೆ ಏರುತ್ತಲೇ ಇರುವ ಬಣ್ಣ ಬೇರೆಯವರದ್ದು. ಇದಕ್ಕೆ ಜಾಸ್ತಿ ಖರ್ಚಿಲ್ಲ, ಅದೇ ಟ್ಯೂಬನ್ನು ಮತ್ತೆ 20 ನಿಮಿಷ ಬಿಟ್ಟು ಓದಿದರೆ ಆಯಿತು.

ಆಮೇಲೆ ಹುಡುಗ ಮಾಡಿದ ಹಾಗೆಯೇ ಮಾಡಿದೆವು. ದ್ರಾವಣ ಹಾಕಿ 20 ನಿಮಿಷ ಸುಮ್ಮನೆ ಇಟ್ಟು, ಪುಡಿ ಹಾಕಿ, 10 ನಿಮಿಷ ಬಿಟ್ಟು ಓದಿದರೆ 0.29. ಅವನ 0.31 ಎಲ್ಲಿಂದ ಬಂತು ಎಂದು ಗೊತ್ತಾಯಿತು.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅನುಮಾನ ಬಂದಾಗ ನಮ್ಮಲ್ಲಿ ಎಲ್ಲರೂ ಮಾಡುವುದು, ಗೊತ್ತಿರುವಷ್ಟು ಫಾಸ್ಫೇಟನ್ನು ನೀರಿಗೆ ಸೇರಿಸಿ ಅಷ್ಟು ಸಿಗುತ್ತದಾ ಎಂದು ನೋಡುವುದು. ನಾವೂ ನೋಡಿದೆವು. ತಡಮಾಡಿದ ಟ್ಯೂಬಿಗೇ 0.20 ಸೇರಿಸಿದ್ದಕ್ಕೆ 0.50 ಬಂತು. 0.29ಕ್ಕೆ 0.20 ಕೂಡಿದರೆ 0.49, ಲೆಕ್ಕ ಸರಿಯಾಗಿಯೇ ಇದೆ! ನೋಡಿದವರು ಪರೀಕ್ಷೆ ಪಕ್ಕಾ ಎಂದುಕೊಳ್ಳುತ್ತಾರೆ. ಆದರೆ ಸಿಲಿಕೇಟ್ ಫಾಸ್ಫೇಟಿನ ಬಣ್ಣವನ್ನು ತಡೆಯುವುದಿಲ್ಲ, ತನ್ನದೊಂದು ಪಾಲು ಮೇಲಿಂದ ಸೇರಿಸುತ್ತದೆ ಅಷ್ಟೇ. ನಾವು ಹಾಕಿದ 0.20 ಪೂರ್ತಿ ಸಿಕ್ಕಿಯೇ ಸಿಗುತ್ತದೆ, ಸುಳ್ಳು ಪಾಲು ಅಡಿಯಲ್ಲಿ ಹಾಗೇ ಕೂತಿರುತ್ತದೆ. ನೀರನ್ನು ಅರ್ಧಕ್ಕೆ ತೆಳು ಮಾಡಿ ನೋಡಿದರೂ ಎರಡೂ ಸುಮಾರಾಗಿ ಅರ್ಧವಾಗುತ್ತವೆ, ಗುಟ್ಟು ಹೊರಬರುವುದಿಲ್ಲ. ಹೊತ್ತಿನ ಜೊತೆ ಓದುವುದೇ ಇದನ್ನು ಹಿಡಿಯುವ ದಾರಿ.

ಖಚಿತ ಮಾಡಿಕೊಳ್ಳಲು ಪರಿಚಯದ ಕಾಲೇಜಿನ ಲ್ಯಾಬಿನಿಂದ ಸಿಲಿಕಾ ಸ್ಟ್ಯಾಂಡರ್ಡ್ ತಂದೆ. ಸುರಂಗದ ನೀರಿನಲ್ಲಿ ಸಿಲಿಕಾ ಎಷ್ಟಿದೆ ಎಂದೂ ಅಲ್ಲೇ ನೋಡಿಸಿದೆ, ಲೀಟರಿಗೆ 22 ಮಿಲಿಗ್ರಾಂ ಇತ್ತು. ಸ್ಟ್ಯಾಂಡರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ 20 ಮಿಲಿಗ್ರಾಂಗೆ ತೆಳು ಮಾಡಿ, ಪ್ಲಾಸ್ಟಿಕ್ ಬಾಟ್ಲಿಯಲ್ಲೇ ಇಟ್ಟೆ. ಗಾಜಿನಲ್ಲಿ ಇಟ್ಟರೆ ಗಾಜಿನ ಸಿಲಿಕಾವೂ ಸ್ವಲ್ಪ ಸ್ವಲ್ಪ ಕರಗಿ ಸೇರುತ್ತದೆ. ಈ ದ್ರಾವಣದಲ್ಲಿ ಫಾಸ್ಫೇಟ್ ಇಲ್ಲವೇ ಇಲ್ಲ. ಆದರೂ ಬಿಸಿಯಲ್ಲಿ ತಡಮಾಡಿದಾಗ ಮೀಟರ್ 0.24 ತೋರಿಸಿತು. ತಣ್ಣಗೆ ಮಾಡಿ, ದ್ರಾವಣ ಪುಡಿ ಒಟ್ಟಿಗೆ ಹಾಕಿ, 10 ನಿಮಿಷಕ್ಕೆ ಓದಿದಾಗ ಬರೀ 0.02. ಸುರಂಗದ ನೀರನ್ನೂ ನೀರಿನ ಬೋಗುಣಿಯಲ್ಲಿಟ್ಟು 25 ಡಿಗ್ರಿಗೆ ಇಳಿಸಿ ಹೀಗೇ ಮಾಡಿದರೆ 0.05 ಬಂತು. ಸಿಲಿಕಾದ 0.02 ಕಳೆದರೆ ಉಳಿಯುವುದು 0.03, ಅದೂ ಮೀಟರ್ ನಂಬಬಹುದಾದ ಅಂಚಿನಲ್ಲೇ. 0.31 ಎಲ್ಲಿ, 0.03 ಎಲ್ಲಿ.

ಹುಡುಗನ ಅಪ್ಪನಿಗೆ ಗ್ರಾಫ್ ತೋರಿಸಿ ಹೇಳಿದೆ. ಫಾಸ್ಫೇಟ್ ಇಲ್ಲ ಎಂದ ಮಾತ್ರಕ್ಕೆ ಹಟ್ಟಿ ನೀರು ಇಳಿಯುತ್ತಿಲ್ಲ ಎಂದೂ ಆಗುವುದಿಲ್ಲ ಎಂದು ಅದರ ಜೊತೆಗೇ ಹೇಳಿದೆ. ಗೊಬ್ಬರದ ಫಾಸ್ಫೇಟನ್ನು ಮುರಕಲ್ಲು ದಾರಿಯಲ್ಲೇ ಹಿಡಿದುಕೊಂಡಿರಬಹುದು. ಆ ಪ್ರಶ್ನೆಗೆ ಉತ್ತರ ಬೇಕಾದರೆ ನೈಟ್ರೇಟ್ ಮತ್ತು ಕೋಲಿಫಾರ್ಮ್ ನೋಡಿಸಬೇಕು. ಈ ಕಿಟ್ ಆ ಕೆಲಸದ್ದಲ್ಲ. ಅವರು ಎರಡನ್ನೂ ಪರೀಕ್ಷೆಗೆ ಕೊಟ್ಟರು, ಜಗಳ ಅಲ್ಲಿಗೆ ತಣ್ಣಗಾಯಿತು.

ಈಗ ನಮ್ಮ ಲ್ಯಾಬಿನಲ್ಲಿ ನಡೆಯುವ ಕ್ರಮ ಹೀಗೆ. ಮೊದಲು ನೀರು 25 ಡಿಗ್ರಿ ಹತ್ತಿರಕ್ಕೆ. ಒಂದು ಟ್ಯೂಬಿಗೆ ದ್ರಾವಣ ಹಾಕಿ ತಿರುಗಿಸಿ, ಕೈ ಬಿಡದೆ ಅದಕ್ಕೇ ಪುಡಿ. ಆಮೇಲೆ ಎರಡು ನಿಮಿಷ ಬಿಟ್ಟು ಮುಂದಿನ ಟ್ಯೂಬ್. ಹೀಗೆ ಮಾಡಿದರೆ ಓದುವಾಗಲೂ ಎರಡೆರಡು ನಿಮಿಷದ ಅಂತರ ಸಿಗುತ್ತದೆ, ಎಲ್ಲಕ್ಕೂ ಸರಿಯಾಗಿ 10 ನಿಮಿಷ ಆಗುತ್ತದೆ. ಸುರಂಗ ಮತ್ತು ಬಾವಿಯ ನೀರನ್ನು 30 ನಿಮಿಷಕ್ಕೆ ಇನ್ನೊಮ್ಮೆ ಓದುತ್ತೇವೆ. ಏರಿದ್ದರೆ ಪುಸ್ತಕದಲ್ಲಿ ಆ ಅಂಕಿಯ ಪಕ್ಕ "ಸಿ" ಎಂದು ಬರೆಯುತ್ತೇವೆ. ಮದಕದ ನೀರಿನಲ್ಲಿ ಈ ಏರಿಕೆ ಅಷ್ಟು ಕಂಡಿಲ್ಲ. ಅಲ್ಲಿ ತೊಂದರೆ ಕೆಸರಿನದ್ದು, ಸೋಸಿ ಅದೇ ನೀರಿನಿಂದ ಸೊನ್ನೆ ಮಾಡಿಕೊಂಡರೆ ಸಾಕು.

ಟ್ಯೂಬುಗಳ ಮೇಲಿನ 10 ಮಿಲಿ ಗೆರೆ ಬೇಗ ಮಾಸುತ್ತದೆ, ಇದು ಕಿಟ್‌ನ ನಿಜವಾದ ಕೊರತೆ. ಗೆರೆ ಕಾಣದೆ ಮಕ್ಕಳು ನೀರು ಜಾಸ್ತಿ ಹಾಕಿದರೆ ಆಸಿಡ್ ತೆಳುವಾಗುತ್ತದೆ, ಸಿಲಿಕೇಟಿಗೆ ಮತ್ತೆ ಬಾಗಿಲು ತೆರೆಯುತ್ತದೆ. ನಾವು ಈಗ ಪಿಪೆಟ್ಟಿನಲ್ಲೇ ಅಳೆಯುತ್ತೇವೆ. ಹಾಗೆಂದು ಆಸಿಡ್ ಸುರಿದು ಸಿಲಿಕೇಟನ್ನು ಪೂರ್ತಿ ಓಡಿಸುತ್ತೇನೆ ಎಂದು ಹೊರಡಬೇಡಿ. ಮಿತಿ ಮೀರಿದರೆ ಫಾಸ್ಫೇಟಿನ ಬಣ್ಣವೂ ತಡವಾಗುತ್ತದೆ, 10 ನಿಮಿಷಕ್ಕೆ ಓದಿದ್ದು ಕಡಿಮೆ ಬರುತ್ತದೆ.

ಟ್ಯೂಬ್ ತೊಳೆಯಲು ಸೋಪಿನ ಪುಡಿ ಬೇಡ, ಕೆಲವದರಲ್ಲಿ ಫಾಸ್ಫೇಟೇ ಇರುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ಡಿಸ್ಟಿಲ್ಡ್ ವಾಟರ್. ಗೋಡೆಗೆ ನೀಲಿ ಹಿಡಿದಿದ್ದರೆ ತೆಳು ಕಾಸ್ಟಿಕ್ ಸೋಡಾದಲ್ಲಿ ಬಿಡುತ್ತದೆ.

ಸ್ಕ್ರೀನ್ ಮೇಲೆ ಬರುವ ಅಂಕಿ PO4 ಲೆಕ್ಕದ್ದು. ಹಲವು ವರದಿಗಳಲ್ಲಿ ಬರೀ ರಂಜಕದ ಲೆಕ್ಕ ಇರುತ್ತದೆ. ಹೋಲಿಸುವ ಮೊದಲು ಮೀಟರಿನ ಅಂಕಿಯನ್ನು 3.07ರಿಂದ ಭಾಗಿಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಚೀಟಿಗೆ. ಕೊಳ್ಳುವಾಗ ಅಂಗಡಿಯವರ ಹತ್ತಿರ ಪುಡಿಯ ಪೊಟ್ಟಣ ಯಾವ ತಿಂಗಳಿನದ್ದು ಎಂದು ಕೇಳಿ, ಮಳೆಗಾಲಕ್ಕೆ ಬೇಕಾದಷ್ಟೇ ತನ್ನಿ. ನಮ್ಮ ಜೂನ್ ಜುಲೈಯ ತೇವಕ್ಕೆ ಪುಡಿ ಗಂಟು ಕಟ್ಟಿ ಹಳದಿ ತಿರುಗುತ್ತದೆ, ಅಂಥ ಪೊಟ್ಟಣದಲ್ಲಿ 0.30ರ ದ್ರಾವಣಕ್ಕೂ 0.30 ಬರುವುದಿಲ್ಲ. ನಾನು ಪೊಟ್ಟಣಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಟ್ಟು, ಪ್ರತಿ ಹೊಸ ಕಟ್ಟು ಒಡೆದಾಗ ಮೊದಲು ಸ್ಟ್ಯಾಂಡರ್ಡ್ ಓದಿಯೇ ಮುಂದಕ್ಕೆ ಹೋಗುತ್ತೇನೆ.