ನಲವತ್ತೇಳನೇ ವಯಸ್ಸಿನಲ್ಲಿ ನಾನು ಕಳಿಸಿದ ಎರಡು ಬಗೆಯ ಮೇಲ್

ಬಳ್ಳಾರಿ, ಕೊಪ್ಪಳ ಕಡೆಯ ಸ್ಪಾಂಜ್ ಐರನ್ ಪ್ಲಾಂಟ್‌ಗಳಲ್ಲಿ 21 ವರ್ಷ ಕಿಲ್ನ್ ನಡೆಸಿದೆ. ಕಬ್ಬಿಣದ ಅದಿರನ್ನು ಕಲ್ಲಿದ್ದಲ ಜೊತೆ ಕಾಯಿಸುವ, ಉದ್ದನೆಯ ತಿರುಗುವ ಕುಲುಮೆಯೇ ಕಿಲ್ನ್. ಕಳೆದ ವರ್ಷ ಕೆಲಸ ಬಿಟ್ಟು, ಸಲಹೆಗಾರನಾಗಿ ದುಡಿಯೋಣ ಅಂತ ಗುರುತಿಲ್ಲದ ಪ್ಲಾಂಟ್‌ಗಳಿಗೆ ಮೇಲ್ ಬರೆದೆ. ಎರಡು ರೀತಿ ಬರೆದು ನೋಡಿದೆ.

ಮೊದಲನೆಯದು ಎಲ್ಲರೂ ಬರೆಯುವಂಥದ್ದೇ. ನನ್ನ ಅನುಭವ, ಹುದ್ದೆಗಳ ಪಟ್ಟಿ, 'ಸೂಕ್ತ ಅವಕಾಶವಿದ್ದರೆ ತಿಳಿಸಿ' ಅನ್ನುವ ಕೊನೆಯ ಸಾಲು, ಜೊತೆಗೆ ನಾಲ್ಕು ಪುಟದ ಬಯೋಡೇಟಾ. 30 ಪ್ಲಾಂಟ್‌ಗಳ ಸಾಮಾನ್ಯ ವಿಳಾಸಕ್ಕೆ ಒಂದೇ ಸಲ BCC ಹಾಕಿ ಕಳಿಸಿಬಿಟ್ಟೆ. ಬಂದ ಉತ್ತರ ಎರಡು. ಒಂದರಲ್ಲಿ 'ಖಾಲಿ ಹುದ್ದೆ ಇಲ್ಲ', ಇನ್ನೊಂದರಲ್ಲಿ 'ಈಗಿನ ಸಂಬಳ ಎಷ್ಟು?' ಎರಡೂ ಎಚ್‌ಆರ್‌ನಿಂದ. ನನಗೆ ಪರಿಚಯವಿದ್ದ ಒಬ್ಬರು ತಮ್ಮ ಸ್ಪ್ಯಾಮ್ ಫೋಲ್ಡರ್ ತೆರೆದು, ನನ್ನ ಮೇಲ್ ಅಲ್ಲೇ ಬಿದ್ದಿದ್ದನ್ನು ತೋರಿಸಿದರು.

ಬಯೋಡೇಟಾ ಕಂಡ ಕೂಡಲೇ ಅದು ಕೆಲಸದ ಅರ್ಜಿ ಆಗಿಬಿಡುತ್ತದೆ. ಅರ್ಜಿ ಅಂದ ಮೇಲೆ ಅದು ಹೋಗುವುದು ಎಚ್‌ಆರ್ ಟೇಬಲ್‌ಗೇ ಅಲ್ವಾ? ಅಲ್ಲಿ 47 ವರ್ಷದವನೆಂದರೆ ದುಬಾರಿ ಸಂಬಳದವನು. ಕಿಲ್ನ್ ನಿಂತಾಗ ನಿದ್ದೆಗೆಡುವುದು ಪ್ಲಾಂಟ್ ಹೆಡ್. ಅವರಿಗೆ ನನ್ನ ಪತ್ರ ಮುಟ್ಟಲೇ ಇಲ್ಲ.

ಎರಡನೇ ಬಗೆಗೆ ತಯಾರಿಯೇ ಜಾಸ್ತಿ. ಕೇಂದ್ರ ಪರಿಸರ ಸಚಿವಾಲಯದ PARIVESH ತಾಣದಲ್ಲಿ ಅನುಮತಿಯ ಕಾಗದಗಳು ಸಿಗುತ್ತವೆ. ಯಾವ ಪ್ಲಾಂಟ್‌ನಲ್ಲಿ ದಿನಕ್ಕೆ ಎಷ್ಟು ಟನ್‌ನ ಎಷ್ಟು ಕಿಲ್ನ್ ಅನ್ನುವುದು ಅವುಗಳಲ್ಲಿ ಇರುತ್ತದೆ. ಅದನ್ನು ಓದಿ 12 ಪ್ಲಾಂಟ್ ಆರಿಸಿದೆ. ಪ್ಲಾಂಟ್ ಹೆಡ್ ವಿಳಾಸ ಹುಡುಕಿ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಳಿಸಿದೆ. ಪತ್ರದಲ್ಲಿ ಬರುವ ರಿಂಗ್ ಅಂದರೆ ಕಿಲ್ನ್ ಒಳಗೋಡೆಗೆ ಸುತ್ತಲೂ ಅಂಟಿ ಬೆಳೆಯುವ ಗಟ್ಟಿ ಪದರ; ಥರ್ಮೋಕಪಲ್ ಅಂದರೆ ಒಳಗಿನ ಬಿಸಿ ಅಳೆಯುವ ಕಡ್ಡಿ. ಕಳಿಸಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

"ವಿಷಯ: 100 ಟನ್ ಕಿಲ್ನ್‌ನಲ್ಲಿ ರಿಂಗ್

ನಮಸ್ಕಾರ ಸರ್. ನಿಮ್ಮಲ್ಲಿ 100 ಟನ್‌ನ ಎರಡು ಕಿಲ್ನ್ ಇವೆ ಎಂದು ಪರಿಸರ ಅನುಮತಿಯ ಕಾಗದದಲ್ಲಿ ಓದಿದೆ. ಇಂಥ ಕಿಲ್ನ್‌ಗಳನ್ನು 21 ವರ್ಷ ನಡೆಸಿದ್ದೇನೆ. ರಿಂಗ್ ಕಟ್ಟುವಾಗ ಥರ್ಮೋಕಪಲ್ ತುದಿಗೂ ಅಂಟು ಕೂತು, ಅದು ಇರುವುದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಆಪರೇಟರ್ ಗಾಳಿ ಹೆಚ್ಚಿಸುತ್ತಾರೆ, ರಿಂಗ್ ಇನ್ನೂ ಬೇಗ ಬೆಳೆಯುತ್ತದೆ. ಒಂದು ದಿನ ಬಂದು, ಮೂರು ತಿಂಗಳ ಲಾಗ್‌ಶೀಟ್ ನೋಡಿ, ಎರಡು ಪುಟದ ವರದಿ ಕೊಡುತ್ತೇನೆ. ಫೀ 15,000 ರೂಪಾಯಿ. ನಾನು ಕೆಲಸ ಕೇಳಿ ಬರೆಯುತ್ತಿಲ್ಲ. ಈ ವಾರ 15 ನಿಮಿಷ ಫೋನಿನಲ್ಲಿ ಸಿಗುತ್ತೀರಾ?"

ಅಟ್ಯಾಚ್‌ಮೆಂಟ್ ಇಲ್ಲ. ಕೆಳಗೆ ಹೆಸರು, ಊರು, ಮೊಬೈಲ್ ನಂಬರ್ ಅಷ್ಟೆ. ಆರು ದಿನ ಬಿಟ್ಟು, ಅದೇ ಮೇಲ್ ಕೆಳಗೆ ಎರಡು ಸಾಲಿನ ನೆನಪೋಲೆ, ಅದೂ ಒಂದೇ ಸಲ.

12ರಲ್ಲಿ ನಾಲ್ವರು ಉತ್ತರಿಸಿದರು. ಮೂವರು ಎತ್ತಿ ಕೇಳಿದ್ದು ಥರ್ಮೋಕಪಲ್ ಸಾಲನ್ನೇ. ಅದು ಕಿಲ್ನ್ ಮುಂದೆ ನಿಂತವರಿಗೆ ಮಾತ್ರ ಹೊಳೆಯುವ ವಿಷಯ. ನನ್ನ 21 ವರ್ಷ ಸುಳ್ಳಲ್ಲ ಅಂತ ಅವರಿಗೆ ಗೊತ್ತಾಗಿದ್ದು ಅದರಿಂದ. ಹಾಗಂತ ಆ ಸಾಲಿನಲ್ಲಿ ಪರಿಹಾರ ಪೂರ್ತಿ ಇಲ್ಲ. ಕಲ್ಲಿದ್ದಲ ಬೂದಿ ಎಷ್ಟು ಬಿಸಿಗೆ ಮೆತ್ತಗಾಗುತ್ತದೆ, ಕಿಲ್ನ್ ಒಳಗೆ ಪುಡಿ ಎಷ್ಟು ಹೋಗುತ್ತಿದೆ ಅನ್ನುವುದನ್ನು ಅಲ್ಲಿಗೆ ಹೋಗಿಯೇ ನೋಡಬೇಕು. ಹಳೆಯ ಕಂಪನಿಯ ಅಂಕಿಗಳನ್ನೂ ನಾನು ಬರೆಯಲಿಲ್ಲ. ಅವು ನನ್ನವಲ್ಲ. ಅಲ್ಲಿನ ಗುಟ್ಟು ಇಲ್ಲಿ ಹೇಳುವವನು ನಾಳೆ ಇಲ್ಲಿನದನ್ನೂ ಹೇಳಿಯಾನು ಅಂತ ಓದುವವರಿಗೆ ಅನ್ನಿಸಿದರೆ ಮುಗಿಯಿತು.

ಫೀ ಬರೆಯಬೇಕೋ ಬೇಡವೋ ಅಂತ ನನಗೂ ಅಳುಕಿತ್ತು. ಅದಕ್ಕೇ 12ರಲ್ಲಿ ಐದು ಪತ್ರದಲ್ಲಿ ಆ ಸಾಲು ಬಿಟ್ಟೆ. ಆ ಐದರಿಂದ ಬಂದ ಉತ್ತರ ಎರಡು. ಇಬ್ಬರೂ ಫೋನಿನಲ್ಲಿ ಒಂದೊಂದು ಗಂಟೆ ಎಲ್ಲ ಕೇಳಿಕೊಂಡರು, ಆಮೇಲೆ ಸುಮ್ಮನಾದರು. ಫೀ ನೋಡಿ ಉತ್ತರಿಸಿದ ಇಬ್ಬರಲ್ಲಿ ಒಬ್ಬರು 'ಈಗ ಬೇಡ, ಶಟ್‌ಡೌನ್ ಆದ ಮೇಲೆ ನೋಡೋಣ' ಅಂದರು. ಇನ್ನೊಬ್ಬರು, ಕೊಪ್ಪಳ ಕಡೆಯವರು, ಮರುವಾರವೇ ಕರೆದರು. ಸಂಖ್ಯೆ ಚಿಕ್ಕದು, ನಿಜ. ಆದರೂ ಈಗ ನಾನು ಫೀ ಬರೆಯದೆ ಕಳಿಸುವುದಿಲ್ಲ.

ಕೊಪ್ಪಳದಲ್ಲಿ ಲಾಗ್‌ಶೀಟ್ ತೆರೆದಾಗ ಒಂದು ಥರ್ಮೋಕಪಲ್ ತೋರಿಸುವ ಬಿಸಿ ಎರಡು ವಾರದಿಂದ ನಿಧಾನವಾಗಿ ಇಳಿಯುತ್ತಿತ್ತು. ಅಕ್ಕಪಕ್ಕದವು ಹಾಗೇ ಇದ್ದವು. ಅದು ಇಳಿದಾಗೆಲ್ಲ ಶೆಲ್ ಏರ್ ಫ್ಯಾನ್ ಗಾಳಿ ಏರಿಸಿದ್ದರು. ವರದಿಯಲ್ಲಿ ಅದನ್ನೇ ಬರೆದೆ: ಒಂದೇ ಪಾಯಿಂಟ್ ಇಳಿದರೆ ಮೊದಲು ಥರ್ಮೋಕಪಲ್ ಹೊರತೆಗೆದು ನೋಡಿ, ಆಮೇಲೆ ಗಾಳಿ ಮುಟ್ಟಿ. ಈಗ ತಿಂಗಳಿಗೆ ಎರಡು ಸಲ ಅಲ್ಲಿಗೆ ಹೋಗುತ್ತೇನೆ.

ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಈ ಎರಡನೇ ಪತ್ರವೂ ನಡೆಯಲಿಲ್ಲ. 12ರ ಆಚೆಗೆ ಅಂಥ ಎರಡು ಕಡೆ ಬರೆದಿದ್ದೆ. ವೆಂಡರ್ ನೋಂದಣಿ ಮಾಡಿಸಿಕೊಂಡು ಬನ್ನಿ ಅಂತ ಎರಡೂ ಕಡೆಯಿಂದ ಒಂದೇ ಉತ್ತರ ಬಂತು. ಅಲ್ಲಿ ಖರೀದಿ ವಿಭಾಗ ದಾಟದೆ ಪ್ಲಾಂಟ್ ಹೆಡ್ ಕೂಡ ಒಂದು ದಿನದ ಫೀ ಕೊಡಲಾರರು.