ಒಂದೇ ಪರದೆ, ಮೂರು ವಿನ್ಯಾಸ: ಡ್ಯೂಟಿಯಲ್ಲಿದ್ದವರಿಗೆ ಯಾವುದು ಬೇಗ ನಿಜ ಹೇಳಿತು?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮ ಆಫೀಸು. ಬ್ಯಾಡಗಿ, ಗದಗ ಕಡೆಯ ದಲ್ಲಾಳಿ ಅಂಗಡಿಗಳಿಗೆ ಬಿಲ್ ಮಾಡಿಕೊಡುವ ಸರ್ವಿಸ್ ನಡೆಸುತ್ತೇವೆ. ರಾತ್ರಿ ಡ್ಯೂಟಿ ಮನೆಯಿಂದಲೇ, ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ. ಹಾಗಾಗಿ ಸ್ಕ್ರೋಲ್ ಮಾಡದೆ ಕಾಣುವಷ್ಟೇ ಡ್ಯಾಶ್‌ಬೋರ್ಡ್ ಎಂದು ನಿಯಮ ಮಾಡಿಕೊಂಡು, ಗ್ರಫಾನಾದಲ್ಲಿ ಮೂರು ಬಗೆ ಮಾಡಿ ನೋಡಿದೆ.

ಪರೀಕ್ಷೆ ಹೀಗಿತ್ತು. ಒಂದು ಗುರುವಾರ ನಿಜವಾಗಿಯೂ ಕೆಟ್ಟಿದ್ದ ಅರ್ಧ ಗಂಟೆಯನ್ನೇ ಟೈಮ್ ರೇಂಜ್‌ನಲ್ಲಿ ಹಾಕಿದೆ. ಅವತ್ತು ಡ್ಯೂಟಿಯಲ್ಲಿ ಇಲ್ಲದವರನ್ನು ಕೂರಿಸಿ, "ಸರ್ವಿಸ್ ಛಲೋ ಐತೆನ್ರೀ?" ಎಂದು ಕೇಳಿ ಸ್ಟಾಪ್‌ವಾಚ್ ಒತ್ತಿದೆ. ಇದನ್ನು ಬೇಗ ಮಾಡಬೇಕು. ನಾವೇ ಬದಲಿಸದಿದ್ದರೆ ಪ್ರೊಮಿಥಿಯಸ್ 15 ದಿನದ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ.

ಆ ಗುರುವಾರ ಆಗಿದ್ದು ಇಷ್ಟು. ಡೇಟಾಬೇಸ್‌ಗೆ 20 ಕನೆಕ್ಷನ್‌ಗಳ ಪೂಲ್. ಒಂದು ತಿಂಗಳ ವರದಿಯ ಕ್ವೆರಿಗಳು 18 ಕನೆಕ್ಷನ್ ಹಿಡಿದು ಕೂತಿದ್ದವು. ಉಳಿದ ಎರಡಕ್ಕೆ ಬಿಲ್‌ಗಳೆಲ್ಲ ಸಾಲುಗಟ್ಟಿದ್ದವು.

ಮೊದಲನೆಯದು ಮಷಿನ್‌ಗಳ ಗೋಡೆ. ಪ್ರತಿ ಸರ್ವರ್‌ಗೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್, ಒಟ್ಟು 24 ಪ್ಯಾನೆಲ್. ನೋಡಿದವರು ನಾಲ್ಕು ನಿಮಿಷ ಹುಡುಕಿ, "ಎಲ್ಲಾ ಆರಾಮ ಐತ್ರೀ" ಎಂದರು. ಅವರ ತಪ್ಪಲ್ಲ. ಕನೆಕ್ಷನ್‌ಗಾಗಿ ಕಾಯುವ ಕೆಲಸಕ್ಕೆ ಸಿಪಿಯು ಬೇಕಾಗುವುದಿಲ್ಲ, ಆದ್ದರಿಂದ ಅದು ಎಂದಿಗಿಂತ ಕಡಿಮೆಯೇ ಇತ್ತು.

ಎರಡನೆಯದು ಹಸಿರು-ಕೆಂಪು ಚೌಕಗಳು. ಮೂರೇ ಸೆಕೆಂಡಿನಲ್ಲಿ ಉತ್ತರ ಬಂತು, ಅದೂ ತಪ್ಪು. ಚೌಕ ನೋಡುತ್ತಿದ್ದದ್ದು `/health` ಅನ್ನು, ಅದು ಡೇಟಾಬೇಸ್ ಮುಟ್ಟದೆ 200 ಹೇಳುತ್ತಿತ್ತು.

ಮೂರನೆಯದನ್ನು ಬಿಲ್ ಮಾಡುವವರ ಕಡೆಯಿಂದ ನೋಡಿ ಜೋಡಿಸಿದೆ. ಮೇಲಿನ ಸಾಲಿನಲ್ಲಿ ಮೂರು ದೊಡ್ಡ ಅಂಕಿ: ಎಡಕ್ಕೆ ಎರರ್ ಪ್ರಮಾಣ, ನಡುವೆ p95 ಸಮಯ, ಬಲಕ್ಕೆ ಟ್ರಾಫಿಕ್. ಪ್ರತಿ ಅಂಕಿಯ ಕೆಳಗೆ ಅದರದೇ ಗ್ರಾಫ್. ಎಲ್ಲಕ್ಕಿಂತ ಕೆಳಗೆ ಪೂರ್ತಿ ಅಗಲಕ್ಕೆ ಪೂಲ್ ಎಷ್ಟು ತುಂಬಿದೆ ಎಂಬ ಒಂದು ಪಟ್ಟಿ. ಎಂಟು ಸೆಕೆಂಡಿನಲ್ಲಿ "ಇಲ್ರೀ, ಕೆಟ್ಟೈತಿ" ಎಂಬ ಉತ್ತರ ಬಂತು. p95 200 ಮಿಲಿಸೆಕೆಂಡಿನಿಂದ 5 ಸೆಕೆಂಡಿಗೆ ಹೋಗಿತ್ತು, ಎರರ್ 6% ಆಗಿತ್ತು. ಕಣ್ಣು ಕೆಳಗಿಳಿದರೆ ಪೂಲ್ 20ಕ್ಕೆ 20. ಕಾರಣದ ಸುಳಿವೂ ಅಲ್ಲೇ ಸಿಕ್ಕಿತು.

ಒಂದು ಸಣ್ಣ ಕೆಲಸ ಬಹಳ ನೆರವಾಯಿತು. ಎರರ್ ಗ್ರಾಫ್‌ನ ಎತ್ತರವನ್ನು 0ರಿಂದ 10%ಕ್ಕೆ ಕಟ್ಟಿಹಾಕಿ, 1%ಕ್ಕೆ ಕೆಂಪು ಗೆರೆ ಎಳೆದೆ. ತಾನಾಗಿ ಹಿಗ್ಗಲು ಬಿಟ್ಟರೆ 0.02% ಕೂಡ ಗುಡ್ಡದಂತೆ ಕಾಣುತ್ತದೆ. ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ಎದ್ದವರು ಸುಮ್ನೆ ಗಾಬರಿಯಾಗುತ್ತಾರೆ.

ಇದೇ ಸಾಕು ಎಂದುಕೊಂಡಿದ್ದೆ. ಎರಡು ವಾರದ ನಂತರ ನಮ್ಮ ಸರ್ಟಿಫಿಕೇಟ್ ಅವಧಿ ಮುಗಿದು, ಒಂದೇ ಒಂದು ರಿಕ್ವೆಸ್ಟ್ ಒಳಗೆ ಬರಲಿಲ್ಲ. ನನ್ನ ಪರದೆಯಲ್ಲಿ ಎರರ್ 0, ಹಸಿರು! p95 ಗೆರೆ ಕಡಿದಿತ್ತು. ಟ್ರಾಫಿಕ್ 0 ಎಂದು ತೋರಿಸುತ್ತಿತ್ತು, ಆದರೆ ಅದಕ್ಕೆ ನಾನು ಬಣ್ಣದ ಮಿತಿಯನ್ನೇ ಕೊಟ್ಟಿರಲಿಲ್ಲ. ಡ್ಯೂಟಿಯಲ್ಲಿದ್ದ ಹುಡುಗ ಎಡಗಡೆಯ ಹಸಿರು ನೋಡಿ ಸಮಾಧಾನ ಪಟ್ಟಿದ್ದ.

ಆ ಹಸಿರು ನಾನೇ ಮಾಡಿಟ್ಟದ್ದು. ಸರ್ವರ್ ಶುರುವಾದ ಮೇಲೆ ಒಂದೂ 5xx ಬಂದಿರದಿದ್ದರೆ ಆ ಸೀರೀಸ್ ಇರುವುದೇ ಇಲ್ಲ, ಪ್ಯಾನೆಲ್‌ನಲ್ಲಿ `No data` ಬರುತ್ತದೆ. ನೋಡಲು ಚೆನ್ನಾಗಿಲ್ಲ ಎಂದು ಕ್ವೆರಿಯ ಕೊನೆಗೆ `or vector(0)` ಸೇರಿಸಿದ್ದೆ. ಅದು "ತಪ್ಪೇ ಇಲ್ಲ" ಮತ್ತು "ಲೆಕ್ಕವೇ ಸಿಗುತ್ತಿಲ್ಲ" ಎರಡನ್ನೂ ಒಂದೇ ಸೊನ್ನೆ ಮಾಡಿಬಿಟ್ಟಿತು. ಈಗ ಅದನ್ನು ತೆಗೆದಿದ್ದೇನೆ. `No data` ಬಂದರೆ ಬೂದು ಬಣ್ಣ ಇರಲಿ, ಅದೂ ಒಂದು ಸುದ್ದಿಯೇ ಅಲ್ವಾ?

ಟ್ರಾಫಿಕ್ ಅಂಕಿಯನ್ನೂ ಬದಲಿಸಿದೆ. ಕಳೆದ ವಾರ ಇದೇ ಹೊತ್ತಿಗೆ ಹೋಲಿಸಿದರೆ ಈಗ ಎಷ್ಟಿದೆ ಎಂದು ಅದು ಹೇಳುತ್ತದೆ:

```
sum(rate(http_requests_total[5m]))
/ sum(rate(http_requests_total[5m] offset 1w))
```

0.5ಕ್ಕಿಂತ ಕೆಳಗಿಳಿದರೆ ಕೆಂಪು. ನಮ್ಮ ಗಿರಾಕಿಗಳ ವ್ಯಾಪಾರ ವಾರದ ದಿನ ಹಿಡಿದು ನಡೆಯುವುದರಿಂದ, ನಿನ್ನೆಗೆ ಹೋಲಿಸುವುದಕ್ಕಿಂತ ಇದೇ ಸರಿ. ಯುಗಾದಿ, ದೀಪಾವಳಿಗೆ ಮಾರುಕಟ್ಟೆ ರಜೆಯಾದರೆ ಮಾತ್ರ ಸುಳ್ಳು ಕೆಂಪು ಬರುತ್ತದೆ. ನಡುರಾತ್ರಿ ಟ್ರಾಫಿಕ್ ತೀರಾ ಕಡಿಮೆ ಇದ್ದಾಗಲೂ ಇದನ್ನು ನಂಬಬೇಡಿ.

ಚೌಕಗಳನ್ನು ಪೂರ್ತಿ ಬಿಡಲಿಲ್ಲ. ಒಂದನ್ನು ಮಾತ್ರ ಮೂಲೆಯಲ್ಲಿ ಇಟ್ಟಿದ್ದೇನೆ. ಈಗ ಅದು `/health` ಕೇಳುವುದಿಲ್ಲ. ಹೊರಗಿನ ನೆಟ್‌ನಿಂದ ಬಂದು, ಲಾಗಿನ್ ಆಗಿ, ಒಂದು ಹಳೆಯ ಬಿಲ್ ತೆರೆದು ನೋಡುತ್ತದೆ. ಮಷಿನ್‌ಗಳ ಗೋಡೆ ಬೇರೆ ಪುಟಕ್ಕೆ ಹೋಯಿತು, ಪೂಲ್ ಪಟ್ಟಿಯ ಮೇಲೆ ಅದಕ್ಕೊಂದು ಲಿಂಕ್ ಇದೆ. ಕೆಟ್ಟಿದೆ ಎಂದು ಗೊತ್ತಾದ ಮೇಲೆ, ಎಲ್ಲಿ ಎಂದು ಹುಡುಕಲು ಈಗಲೂ ಅದನ್ನೇ ತೆರೆಯುತ್ತೇವೆ.