ಐ ಗ್ರೇಡ್ ಕೈಯಲ್ಲಿದ್ದರೆ ಮೊದಲು ತಾರೀಕು ಕೇಳಿ

ಕಾಮಾಲೆಯಾಗಿ ಒಂದು ತಿಂಗಳು ಕ್ಲಾಸಿಗೆ ಹೋಗಲಿಕ್ಕಾಗದೆ ಒಂದು ಸಬ್ಜೆಕ್ಟಿನಲ್ಲಿ ನನಗೆ ಐ ಗ್ರೇಡ್, ಅಂದರೆ ಇನ್‌ಕಂಪ್ಲೀಟ್ ಬಂದಿತ್ತು. ಬಾಕಿ ಇದ್ದ ಲ್ಯಾಬ್ ಪೂರ್ತಿ ಮಾಡಿದೆ, ರಿಪೋರ್ಟ್ ಕೊಟ್ಟೆ, ವೈವಾ ಮುಗಿಸಿದೆ. ಸರ್ ಒಳ್ಳೆಯ ಮಾರ್ಕನ್ನೇ ಕೊಟ್ಟರು. ಆದರೂ ಆ ಐ ಹೋಗಿ ಎಫ್ ಆಯಿತು. ಎರಡು ದಿನ ತಡವಾದದ್ದಕ್ಕೆ ಆ ಸಬ್ಜೆಕ್ಟಿನಲ್ಲಿ ಒಂದು ವರ್ಷ ಹಿಂದೆ ಬಿದ್ದೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಮಂಗಳೂರಿನ ಒಂದು ಅಟಾನಮಸ್ ಇಂಜಿನಿಯರಿಂಗ್ ಕಾಲೇಜು ಅಂದರೆ ಸಾಕು.

ನಮ್ಮ ಮನೆ ಶಿರ್ವದ ಹತ್ತಿರ. ನವೆಂಬರ್ 4ಕ್ಕೆ ಅಡ್ಮಿಟ್ ಆದೆ, 11ಕ್ಕೆ ಡಿಸ್ಚಾರ್ಜ್. ಪೂರ್ತಿ ರೆಸ್ಟ್ ಬೇಕು, ಹತ್ತು ದಿನ ಬಿಟ್ಟು ರಕ್ತಪರೀಕ್ಷೆ ಮಾಡಿಸಿ ಬನ್ನಿ ಎಂದು ಡಾಕ್ಟ್ರು ಹೇಳಿದ್ದರು. ನಾವು ಹೋಗಲಿಲ್ಲ. ನಮ್ಮ ಕಡೆ ಕಾಮಾಲೆ ಅಂದರೆ ಮನೆಯವರಿಗೆ ಮೊದಲು ನೆನಪಾಗುವುದು ಹಳ್ಳಿಮದ್ದು. ಅಮ್ಮ ಪಂಡಿತರ ಹತ್ತಿರ ಕರೆದುಕೊಂಡು ಹೋದರು. ಬೆಳಿಗ್ಗೆ ಮದ್ದು, ಮತ್ತೆ ಎಣ್ಣೆ-ಖಾರ ಇಲ್ಲದೆ ಕುಚ್ಚಲಕ್ಕಿ ಗಂಜಿಯ ಪಥ್ಯ. ಡಿಸೆಂಬರ್ 5ಕ್ಕೆ ಕಾಲೇಜಿಗೆ ವಾಪಸ್ ಹೋದೆ. ಒಟ್ಟು 31 ದಿನ ಹೋಗಿತ್ತು, ನನ್ನ ಕೈಯಲ್ಲಿದ್ದ ಆಸ್ಪತ್ರೆಯ ಕಾಗದ 8 ದಿನದ್ದು ಮಾತ್ರ. ಈ ವ್ಯತ್ಯಾಸ ಮುಂದೆ ಎಷ್ಟು ದೊಡ್ಡದಾಗಬಹುದು ಎಂದು ಆಗ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಥಿಯರಿ ಪರೀಕ್ಷೆ ಎಲ್ಲವನ್ನೂ ಬರೆದೆ. ಕಷ್ಟವಾದದ್ದು ಕಂಪ್ಯೂಟರ್ ನೆಟ್‌ವರ್ಕ್ಸ್‌ನಲ್ಲಿ. ಅದು ಥಿಯರಿ, ಲ್ಯಾಬ್ ಎರಡೂ ಸೇರಿದ 4 ಕ್ರೆಡಿಟ್‌ನ ಸಬ್ಜೆಕ್ಟ್. ಹನ್ನೆರಡು ಲ್ಯಾಬ್ ಪ್ರಯೋಗಗಳಲ್ಲಿ ಮೂರು, ಮತ್ತೆ ಮಿನಿ ಪ್ರಾಜೆಕ್ಟಿನ ರಿಪೋರ್ಟ್, ವೈವಾ ಬಾಕಿ ಇತ್ತು. ಅಟೆಂಡೆನ್ಸ್ 76 ಪರ್ಸೆಂಟ್‌ಗೆ ಇಳಿದಿತ್ತು. ನಮ್ಮಲ್ಲಿ 85 ಬೇಕು, ಕಾಯಿಲೆಯಾದರೆ 75ರ ತನಕ ಮಾಫಿ ಉಂಟು. ಅದಕ್ಕೆ ಬೇರೆ ಅರ್ಜಿ ಕೊಟ್ಟೆ, ಒಪ್ಪಿದರು. ಇಲ್ಲಿ ಒಂದು ಮಾತು: ಅಟೆಂಡೆನ್ಸ್ ಮಾಫಿ ಬೇರೆ, ಐ ಗ್ರೇಡ್ ಬೇರೆ. ಒಂದು ಅರ್ಜಿ ಪಾಸಾಯಿತು ಎಂದರೆ ಇನ್ನೊಂದೂ ಆಯಿತು ಅಂತ ತಿಳಿಯಬೇಡಿ. ನನಗೆ ಅಟೆಂಡೆನ್ಸಿನ ಕಾಗದ ಸೈನ್ ಆಗಿ ಬಂದಾಗಲೇ ದೊಡ್ಡ ಗಂಡಾಂತರ ಕಳೆಯಿತು ಎಂಬ ಸಮಾಧಾನವಾಗಿ, ಉಳಿದದ್ದರ ಕಡೆ ಗಮನ ಸಡಿಲವಾಯಿತು.

ಕೊನೆಯ ಪರೀಕ್ಷೆ ಜನವರಿ 3ಕ್ಕೆ. ರಿಸಲ್ಟ್ ಬಂದದ್ದು 17ಕ್ಕೆ. ನೆಟ್‌ವರ್ಕ್ಸ್ ಎದುರು ಐ ಇತ್ತು. ಸರ್ ಹತ್ತಿರ ಹೋಗಿ ಕೇಳಿದೆ, "ಸರ್, ಇದನ್ನು ಯಾವಾಗಿನ ಒಳಗೆ ಮುಗಿಸ್ಬೇಕು?"

"ರಿಸಲ್ಟ್ ಬಂದು ಒಂದು ತಿಂಗಳು ಇರ್ತದಮ್ಮ. ಗಡಿಬಿಡಿ ಮಾಡ್ಬೇಡ. ಮೊದಲು ಸರಿಯಾಗಿ ಹುಷಾರಾಗು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಫೆಬ್ರವರಿ 16 ಎಂದು ಲೆಕ್ಕ ಹಾಕಿಕೊಂಡೆ. ಲ್ಯಾಬ್ ಬೇರೆ ಬ್ಯಾಚಿನ ಪರೀಕ್ಷೆಗೆ ಬೇಕಾಗಿತ್ತು, ಜನವರಿ 20ರ ನಂತರವೇ ನನಗೆ ಸಿಕ್ಕಿದ್ದು. 21, 23, 28, ಈ ಮೂರು ದಿನಗಳಲ್ಲಿ ಮೂರು ಪ್ರಯೋಗ ಮುಗಿಸಿ, 30ನೇ ತಾರೀಕು ಗುರುವಾರ ರೆಕಾರ್ಡ್ ಮತ್ತು ರಿಪೋರ್ಟ್ ಸರ್ ಕೈಗೆ ಕೊಟ್ಟೆ. ಶುಕ್ರವಾರ, ಶನಿವಾರ ಅವರಿಗೆ ಬೇರೆ ಕಾಲೇಜಿನಲ್ಲಿ ಎಕ್ಸ್‌ಟರ್ನಲ್ ಡ್ಯೂಟಿ. "ಸೋಮವಾರ ವೈವಾ ಮಾಡುವ" ಅಂದರು. ಸೋಮವಾರ, ಫೆಬ್ರವರಿ 3ಕ್ಕೆ ವೈವಾ ಆಯಿತು. ಗ್ರೇಡ್ ಬದಲಾವಣೆಯ ಫಾರ್ಮ್‌ಗೆ ಎಚ್‌ಒಡಿ ಸೈನ್ ಆಗಿ ಪರೀಕ್ಷಾ ವಿಭಾಗಕ್ಕೆ ಹೋದದ್ದು ಮಂಗಳವಾರ, 4ಕ್ಕೆ.

12ಕ್ಕೆ ಪೋರ್ಟಲ್ ತೆರೆದು ನೋಡಿದರೆ ಎಫ್.

ಪರೀಕ್ಷಾ ವಿಭಾಗದ ಕೌಂಟರಿನಲ್ಲಿದ್ದ ಮೇಡಂ ನಿಯಮದ ಪುಸ್ತಕ ತೆಗೆದು ತೋರಿಸಿದರು. ನಮ್ಮಲ್ಲಿ ಐ ಗ್ರೇಡಿನ 30 ದಿನ ಶುರುವಾಗುವುದು ರಿಸಲ್ಟ್‌ನಿಂದ ಅಲ್ಲ, ಸೆಮಿಸ್ಟರಿನ ಕೊನೆಯ ಪರೀಕ್ಷೆಯಿಂದ. ಜನವರಿ 3ಕ್ಕೆ 30 ಸೇರಿಸಿದರೆ ಫೆಬ್ರವರಿ 2. ಅವತ್ತು ಆದಿತ್ಯವಾರ. ಆಫೀಸಿಗೆ ರಜೆ ಇರಬಹುದು, ಕಂಪ್ಯೂಟರಿಗೆ ರಜೆ ಇಲ್ಲ. ಬಾಕಿ ಉಳಿದ ಐ ಎಲ್ಲ ಅವತ್ತು ರಾತ್ರಿ ತನ್ನಷ್ಟಕ್ಕೇ ಎಫ್ ಆಗುತ್ತದೆ. ನಿಜವಾಗಿ ನನಗಿದ್ದ ಕೊನೆಯ ದಿನ ಶನಿವಾರ, ಫೆಬ್ರವರಿ 1. ಸರ್ ಹೇಳಿದ ಲೆಕ್ಕ ಸಪ್ಲಿಮೆಂಟರಿ ಪರೀಕ್ಷೆಯ ಅರ್ಜಿಯದ್ದಂತೆ. ಅಲ್ಲಿ ಎಣಿಸುವುದು ರಿಸಲ್ಟ್‌ನಿಂದ.

"ಮೇಡಂ, ನಾನು 30ಕ್ಕೇ ಸಬ್ಮಿಟ್ ಮಾಡಿದ್ದೇನೆ" ಅಂದೆ.

"ನೀವು ಸರ್ ಹತ್ತಿರ ಕೊಟ್ಟದ್ದು ನಮಗೆ ಲೆಕ್ಕಕ್ಕಿಲ್ಲ. ಗ್ರೇಡ್ ನಮ್ಮ ಹತ್ತಿರ ಬಂದ ದಿನ ಲೆಕ್ಕಕ್ಕೆ."

ಇಡೀ ಅನುಭವದಲ್ಲಿ ಬೇರೆಯವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಐ ಗ್ರೇಡಿನ ಕೊನೆಯ ದಿನ ಎಂದರೆ ವಿದ್ಯಾರ್ಥಿ ಕೆಲಸ ಒಪ್ಪಿಸುವ ದಿನವಲ್ಲ. ನಾವು ಕೊಡಬೇಕು, ಅವರು ತಿದ್ದಬೇಕು, ವೈವಾ ಇದ್ದರೆ ಅದು ಆಗಬೇಕು, ಫಾರ್ಮ್ ತುಂಬಬೇಕು, ಎಚ್‌ಒಡಿ ಸೈನ್ ಆಗಬೇಕು, ಪರೀಕ್ಷಾ ವಿಭಾಗದಲ್ಲಿ ಅದು ಎಂಟ್ರಿ ಆಗಬೇಕು. ಇಷ್ಟೂ ಆ ತಾರೀಕಿನ ಒಳಗೆ ಮುಗಿಯಬೇಕು. ನಮ್ಮ ಕೈಯಲ್ಲಿರುವುದು ಮೊದಲನೆಯದು ಮಾತ್ರ. ಉಳಿದದ್ದಕ್ಕೆ ನನ್ನ ವಿಷಯದಲ್ಲಿ ಐದು ದಿನ ಹಿಡಿಯಿತು. ಯಾರೂ ಬೇಕೆಂದೇ ತಡ ಮಾಡಲಿಲ್ಲ, ಡ್ಯೂಟಿ ಮತ್ತು ಆದಿತ್ಯವಾರ ಮಧ್ಯ ಬಂದವು, ಅಷ್ಟೆ. ಹಾಗಾಗಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಹತ್ತು ಕೆಲಸದ ದಿನ ಅವರಿಗೆ ಬಿಟ್ಟು ಉಳಿದದ್ದನ್ನು ನಿಮ್ಮದೆಂದು ತಿಳಿಯಿರಿ. ನಾನು ಹಾಗೆ ಎಣಿಸಿದ್ದರೆ ಲ್ಯಾಬ್ ಸಿಗುವ ಹೊತ್ತಿಗೇ ನನ್ನ ಅವಧಿ ಮುಗಿದಿರುತ್ತಿತ್ತು, ಅಂದರೆ ಗಡುವು ಮುಂದೂಡಲಿಕ್ಕೆ ಅರ್ಜಿ ಕೊಡಬೇಕು ಎಂಬುದು ಅವತ್ತೇ ಗೊತ್ತಾಗುತ್ತಿತ್ತು.

ಹೌದು, ಎಕ್ಸ್‌ಟೆನ್ಷನ್ ಇತ್ತು. ಅದೇ ಪುಸ್ತಕದಲ್ಲಿ, ಅದೇ ನಿಯಮದ ಕೆಳಗೆ: ಕಾಯಿಲೆಯ ಕಾರಣಕ್ಕೆ ಒಂದು ಸಲ 15 ದಿನ. ಎಚ್‌ಒಡಿ ಶಿಫಾರಸು, ವೈದ್ಯಕೀಯ ದಾಖಲೆ, ಡೀನ್ ಒಪ್ಪಿಗೆ ಬೇಕು. ಮತ್ತು ಮೊದಲ ಅವಧಿ ಮುಗಿಯುವ ಮೊದಲೇ ಅರ್ಜಿ ಬರಬೇಕು. ಅಪ್ಪನ ಜೊತೆ ಡೀನ್ ಹತ್ತಿರ ಹೋದೆ. ಅವರು ಗದರಲಿಲ್ಲ, ಕೂರಿಸಿ ಮಾತಾಡಿದರು. "ಐ ಇದ್ದಾಗ ಬಂದಿದ್ರೆ ನಾನೇ ಸೈನ್ ಮಾಡ್ತಿದ್ದೆ. ಈಗ ಅದು ಎಫ್. ಎಫ್ ಬದಲಿಸ್ಲಿಕ್ಕೆ ನನಗೆ ಅಧಿಕಾರ ಇಲ್ಲ, ಅಕಾಡೆಮಿಕ್ ಕೌನ್ಸಿಲ್ ಮುಂದೆ ಹೋಗ್ಬೇಕು" ಅಂದರು. ಒಂದು ದಿನದ ಮೊದಲು ಒಂದು ಸೈನ್‌ನಲ್ಲಿ ಆಗುವ ಕೆಲಸ, ಒಂದು ದಿನ ಕಳೆದರೆ ಮೇಲ್ಮನವಿಯಾಗುತ್ತದೆ.

ಮೇಲ್ಮನವಿ ಕೊಟ್ಟೆವು. ಆಗ ಎದ್ದದ್ದು ಆ 8 ದಿನದ ಪ್ರಶ್ನೆ. ನವೆಂಬರ್ 12ರಿಂದ ಡಿಸೆಂಬರ್ 4ರ ತನಕ ಕಾಯಿಲೆ ಇತ್ತು ಎನ್ನಲಿಕ್ಕೆ ಆಧಾರ ಏನು ಎಂದು ಕೇಳಿದರು. ಆಸ್ಪತ್ರೆಗೆ ಓಡಿದೆವು. "ಆ ದಿನಗಳಲ್ಲಿ ನಾನು ನಿಮ್ಮನ್ನು ನೋಡಲೇ ಇಲ್ಲವಲ್ಲ, ಹೇಗೆ ಬರೆದುಕೊಡ್ಲಿ?" ಎಂದು ಡಾಕ್ಟ್ರು ಹೇಳಿದರು. ಅವರು ಹೇಳಿದ್ದು ಸರಿ. ನೋಡದ ದಿನಕ್ಕೆ ಸರ್ಟಿಫಿಕೇಟ್ ಕೊಟ್ಟರೆ ಅವರ ರಿಜಿಸ್ಟ್ರೇಷನ್ನಿಗೇ ಅಪಾಯ, ಕೊಟ್ಟ ಪ್ರತಿ ಸರ್ಟಿಫಿಕೇಟನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ನಿಯಮವೂ ಉಂಟು. ಹಳ್ಳಿಮದ್ದು ಬೇಡ ಎಂದು ನಾನು ಹೇಳುವುದಿಲ್ಲ, ಅದು ಅವರವರ ಮನೆಯ ವಿಷಯ. ಆದರೆ ಡಾಕ್ಟ್ರು ಕರೆದ ದಿನ ಹೋಗಿ, ರಕ್ತಪರೀಕ್ಷೆ ಮಾಡಿಸಿ. ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಬಿಲಿರುಬಿನ್ ಇನ್ನೂ ಇಳಿದಿಲ್ಲ ಎಂಬ ತಾರೀಕು ಹಾಕಿದ ಒಂದು ಲ್ಯಾಬ್ ರಿಪೋರ್ಟ್ ಇದ್ದಿದ್ದರೆ ನನ್ನ ಮಾತಿಗೆ ಆಧಾರ ಸಿಗುತ್ತಿತ್ತು. ಕಾಲೇಜಿಗೆ ಹೊರಡುವ ಮೊದಲು ಫಿಟ್‌ನೆಸ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಎಲ್ಲಿಂದ ಎಲ್ಲಿಯ ತನಕ ರೆಸ್ಟ್ ಹೇಳಿದ್ದರು ಎಂದು ಅದರಲ್ಲೇ ಬರೆಸಿ. ಡಿಸ್ಚಾರ್ಜ್ ಕಾಗದ ಕಳೆದುಹೋಗಿದ್ದರೆ ಆಸ್ಪತ್ರೆಯಲ್ಲಿ ಬರೆದು ಕೇಳಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ.

ಮೇಲ್ಮನವಿ ತಿರಸ್ಕಾರವಾಯಿತು.

ಎಫ್‌ನಿಂದ ಏನಾಯಿತು ಎಂದೂ ಹೇಳುತ್ತೇನೆ, ಯಾಕೆಂದರೆ ಐ ಇರುವಷ್ಟು ದಿನ ಏನೂ ಆಗಿಲ್ಲ ಎಂದೇ ಅನಿಸುತ್ತದೆ. ಐ ಬಂದ ಸಬ್ಜೆಕ್ಟನ್ನು ನಮ್ಮ ಪೋರ್ಟಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದ 16 ಕ್ರೆಡಿಟ್‌ಗೆ ನನಗೆ 128 ಪಾಯಿಂಟ್ ಇತ್ತು, ಸರಾಸರಿ 8.00. ಮನೆಯವರಿಗೂ ಅದನ್ನೇ ತೋರಿಸಿದ್ದೆ. ಎಫ್ ಆದ ಕೂಡಲೇ ಆ 4 ಕ್ರೆಡಿಟ್ ಸೊನ್ನೆ ಪಾಯಿಂಟ್ ಹಿಡಿದುಕೊಂಡು ಒಳಗೆ ಬಂತು: 128ನ್ನು 20ರಿಂದ ಭಾಗಿಸಿದರೆ 6.40. ಲ್ಯಾಬ್ ಇರುವ ಸಬ್ಜೆಕ್ಟ್ ಆದ್ದರಿಂದ ಬರೀ ಪರೀಕ್ಷೆ ಬರೆದು ಪಾಸಾಗುವ ದಾರಿ ಇಲ್ಲ. ಮತ್ತೆ ಫೀಸ್ ಕಟ್ಟಿ, ರಿಜಿಸ್ಟರ್ ಮಾಡಿ, ಲ್ಯಾಬ್‌ನಿಂದಲೇ ಶುರು ಮಾಡಬೇಕು. ಅದೂ ಆ ಸಬ್ಜೆಕ್ಟ್ ನಡೆಯುವ ಆಗಸ್ಟಿನ ಸೆಮಿಸ್ಟರಿನಲ್ಲಿ ಮಾತ್ರ. ಅಷ್ಟು ಹೊತ್ತಿಗೆ ನಾನು ಏಳನೇ ಸೆಮಿಸ್ಟರ್. ಕ್ಯಾಂಪಸ್‌ಗೆ ಮೊದಲು ಬಂದ ಕಂಪನಿಗಳು ಬಾಕಿ ಸಬ್ಜೆಕ್ಟ್ ಇರುವವರನ್ನು ಕೂರಿಸಲಿಲ್ಲ. ಫ್ರೆಂಡ್ಸ್ ಎಲ್ಲ ಟೆಸ್ಟ್ ಬರೆಯುವಾಗ ನಾನು ಜೂನಿಯರ್‌ಗಳ ಜೊತೆ ಲ್ಯಾಬ್‌ನಲ್ಲಿ, ಒಂದು ಸಲ ಮಾಡಿ ಮುಗಿಸಿದ್ದ ಅದೇ ಪ್ರಯೋಗಗಳನ್ನು ಮಾಡುತ್ತಿದ್ದೆ.

ಈಗ ಯಾರಿಗಾದರೂ ಐ ಬಂದಿದ್ದರೆ ನಾಳೆಯೇ ಪರೀಕ್ಷಾ ವಿಭಾಗಕ್ಕೆ ಹೋಗಿ. ಸೀನಿಯರ್‌ಗಳನ್ನು ಕೇಳಬೇಡಿ, ಡಿಪಾರ್ಟ್‌ಮೆಂಟಿನ ಮಾತಿನ ಮೇಲೂ ಕೂರಬೇಡಿ. ಪ್ರತಿ ಕಾಲೇಜಿನ ಲೆಕ್ಕ ಬೇರೆ, ದಿನಗಳೂ ಬೇರೆ. "ಯಾವ ದಿನದಿಂದ ಎಣಿಸುತ್ತೀರಿ, ಗ್ರೇಡ್ ನಿಮಗೆ ತಲುಪಬೇಕಾದ ಕೊನೆಯ ಕೆಲಸದ ದಿನ ಯಾವುದು?" ಎಂದು ಈ ಎರಡನ್ನೂ ಕೇಳಿ ಬರೆದುಕೊಳ್ಳಿ. ಆ ತಾರೀಕನ್ನು ನಿಮ್ಮ ಸರ್ ಅಥವಾ ಮೇಡಂಗೂ ಮೇಲ್ ಮಾಡಿ, ಅವರಿಗೂ ಗೊತ್ತಿರಲಿಕ್ಕಿಲ್ಲ. ಕೆಲಸ ಮುಗಿಯುವುದು ಅನುಮಾನ ಎಂದು ಅನಿಸಿದ ದಿನವೇ ಎಕ್ಸ್‌ಟೆನ್ಷನ್‌ಗೆ ಅರ್ಜಿ ಕೊಡಿ. ಉದ್ದ ಬರೆಯಬೇಕೆಂದಿಲ್ಲ. ಯಾವ ಸಬ್ಜೆಕ್ಟ್, ಏನೇನು ಬಾಕಿ, ಯಾಕೆ ಬಾಕಿ, ಯಾವ ತಾರೀಕಿನ ತನಕ ಬೇಕು ಎಂಬಷ್ಟೇ ಸಾಕು, ಜೊತೆಗೆ ಆಸ್ಪತ್ರೆಯ ಕಾಗದಗಳ ಪ್ರತಿ. ಎರಡು ಕಾಪಿ ತೆಗೆದುಕೊಂಡು ಹೋಗಿ, ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ತಾರೀಕು ಸಮೇತ ಇನ್‌ವರ್ಡ್ ಸೀಲ್ ಹಾಕಿಸಿಕೊಂಡೇ ಕೌಂಟರಿನಿಂದ ಹೊರಡಿ.